ಫಾಲೋವರ್‌ಗಳು ರಾತ್ರೋರಾತ್ರಿ ಎಲ್ಲಿಗೆ ಹೋದರು?

ನಂಜನಗೂಡಿನ ದೊಡ್ಡ ಜಾತ್ರೆಯ ತೇರು, ತಿ. ನರಸೀಪುರದ ತ್ರಿವೇಣಿ ಸಂಗಮ, ಕಬಿನಿಯಿಂದ ನೀರು ಬಿಟ್ಟ ಸುದ್ದಿ. ಇಂಥವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುವ ಊರಿನ ಪೇಜ್ ನಡೆಸುವವರಿಗೆ ಒಂದು ಬೆಳಿಗ್ಗೆ ಗಾಬರಿಯಾಗುತ್ತದೆ. ರಾತ್ರಿ ಮಲಗುವಾಗ ಇದ್ದ ಫಾಲೋವರ್ ಸಂಖ್ಯೆಯಲ್ಲಿ ಐದಾರು ನೂರು ಕಡಿಮೆ. ಯಾರೋ ಆಗದವರು ಗುಂಪು ಕಟ್ಟಿಕೊಂಡು ರಿಪೋರ್ಟ್ ಮಾಡಿಸಿದ್ದಾರೆ ಎಂಬ ಅನುಮಾನವೇ ಮೊದಲು ಬರುವುದು. ಆದರೆ ರಿಪೋರ್ಟ್ ಮಾಡಿದರೆ ಪೋಸ್ಟ್ ಹೋಗಬಹುದು, ಪೇಜಿಗೇ ಕುತ್ತು ಬರಬಹುದು. ಫಾಲೋವರ್‌ಗಳು ಮಾತ್ರ ಕಳಚಿಕೊಳ್ಳುವುದಿಲ್ಲ. ಸಂಖ್ಯೆ ಇಳಿಯಲು ಮುಖ್ಯವಾಗಿ ಮೂರು ದಾರಿ: ಫಾಲೋ ಮಾಡಿದವರು ಬಿಟ್ಟು ಹೋಗಿರಬೇಕು, ಅವರೇ ತಮ್ಮ ಅಕೌಂಟ್ ಮುಚ್ಚಿರಬೇಕು, ಇಲ್ಲವೇ ಕಂಪನಿ ಆ ಅಕೌಂಟನ್ನು ತೆಗೆದಿರಬೇಕು.

ಕಂಪನಿಗಳು ಹೀಗೆ ತೆಗೆಯುವುದು ಹೊಸದಲ್ಲ. 2014ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ಸ್ಪ್ಯಾಮ್ ಅಕೌಂಟ್‌ಗಳನ್ನು ಲೆಕ್ಕದಿಂದ ಕೈಬಿಟ್ಟಾಗ ಅದರ ಸ್ವಂತ ಅಕೌಂಟೇ ಸುಮಾರು 1.9 ಕೋಟಿ ಫಾಲೋವರ್‌ಗಳನ್ನು ಕಳೆದುಕೊಂಡಿತು. ನಮ್ಮ ದೇಶದಲ್ಲಿ ಹೆಚ್ಚು ಸುದ್ದಿಯಾದದ್ದು 2018ರ ಜುಲೈನಲ್ಲಿ. ಆಗ ಟ್ವಿಟರ್ 'ಲಾಕ್' ಆಗಿದ್ದ ಅಕೌಂಟ್‌ಗಳನ್ನು ಎಲ್ಲರ ಫಾಲೋವರ್ ಲೆಕ್ಕದಿಂದಲೂ ತೆಗೆಯಿತು. ಪ್ರಧಾನಿ ಮೋದಿಯವರ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ, ಅಮಿತಾಭ್ ಬಚ್ಚನ್ ಲೆಕ್ಕದಲ್ಲಿ ಸುಮಾರು ನಾಲ್ಕು ಲಕ್ಷ ಇಳಿಯಿತು. ಸಾಮಾನ್ಯರಲ್ಲಿ ಹೆಚ್ಚಿನವರಿಗೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಫಾಲೋವರ್‌ಗಳಷ್ಟೇ ವ್ಯತ್ಯಾಸ ಎಂದು ಕಂಪನಿ ಮೊದಲೇ ಹೇಳಿತ್ತು.

ಆ ಲಾಕ್ ಆದ ಅಕೌಂಟ್‌ಗಳೆಲ್ಲ ಬಾಟ್ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವುಗಳಲ್ಲಿ ಬಹಳಷ್ಟನ್ನು ತೆರೆದವರು ನಿಜವಾದ ಜನರೇ. ಅಕೌಂಟ್ ಇದ್ದಕ್ಕಿದ್ದಂತೆ ಸಿಕ್ಕಸಿಕ್ಕವರಿಗೆ ಲಿಂಕ್ ಕಳಿಸತೊಡಗಿದರೆ, ಪಾಸ್‌ವರ್ಡ್ ಬೇರೆಯವರ ಪಾಲಾಗಿದೆ ಎಂಬ ಗುಮಾನಿ ಬಂದರೆ, ಕಂಪನಿ ಅದಕ್ಕೆ ಬೀಗ ಹಾಕಿ ಒಡೆಯನೇ ಬಂದು ದೃಢಪಡಿಸಲಿ ಎಂದು ಕಾಯುತ್ತದೆ. ಒಡೆಯ ಬರದಿದ್ದರೆ ಅಕೌಂಟ್ ಹಾಗೇ ಉಳಿಯುತ್ತದೆ, ಲೆಕ್ಕಕ್ಕೆ ಮಾತ್ರ ಸೇರುವುದಿಲ್ಲ. ಆದ್ದರಿಂದ ಫಾಲೋವರ್ ಇಳಿದ ಪ್ರತಿಯೊಬ್ಬರನ್ನೂ 'ದುಡ್ಡು ಕೊಟ್ಟು ಕೊಂಡವರು' ಎಂದು ದೂರುವುದು ಅನ್ಯಾಯ.

ತಾವೇ ಅಕೌಂಟ್ ಮುಚ್ಚುವವರ ಲೆಕ್ಕ ಬೇರೆ. ಇನ್‌ಸ್ಟಾಗ್ರಾಂನಲ್ಲಿ ಡಿಆಕ್ಟಿವೇಟ್ ಮಾಡಿದರೆ ಪ್ರೊಫೈಲ್, ಲೈಕ್, ಕಾಮೆಂಟ್ ಎಲ್ಲವೂ ಮರೆಯಾಗುತ್ತವೆ, ಫಾಲೋವರ್ ಪಟ್ಟಿಯಿಂದ ಹೆಸರೂ ಕಾಣೆಯಾಗುತ್ತದೆ. ಮತ್ತೆ ಲಾಗಿನ್ ಆದ ಕೂಡಲೇ ಎಲ್ಲ ತಾನಾಗಿ ವಾಪಸ್ಸು. ಹೊಸದಾಗಿ ಫಾಲೋ ಮಾಡಬೇಕಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗೆಂದು ಮಕ್ಕಳು ಅಕೌಂಟ್ ಮುಚ್ಚಿಡುವುದು ಮಾರ್ಚ್ ಆಸುಪಾಸಿನಲ್ಲಿ, ದೊಡ್ಡ ಜಾತ್ರೆ ಬೀಳುವುದೂ ಆ ಹೊತ್ತಿಗೇ. ಆಗ ದಿನಕ್ಕೆ ಒಂದಿಷ್ಟು ಸೋರಿ, ಪರೀಕ್ಷೆ ಮುಗಿದ ಮೇಲೆ ಮೆಲ್ಲಗೆ ತುಂಬಿಕೊಂಡರೆ ಕಾರಣ ಇದೇ ಇರಬಹುದು. ಪೂರ್ತಿ ಡಿಲೀಟ್ ಮಾಡಿದವರಿಗೆ ಮನಸ್ಸು ಬದಲಾಯಿಸಲು 30 ದಿನ ಇರುತ್ತದೆ, ಆಮೇಲೆ ವಾಪಸ್ಸಿಲ್ಲ.

ಯಾವ ದಾರಿಯಲ್ಲಿ ಹೋದರು ಎಂದು ತಿಳಿಯುವುದು ಹೇಗೆ? ಪ್ರೊಫೆಷನಲ್ ಅಕೌಂಟ್‌ನ Insights ಒಳಗೆ ಬೆಳವಣಿಗೆಯ ಗ್ರಾಫ್ ಇದೆ. ಆದರೆ ಅದರಲ್ಲಿ Unfollows ಎಂದರೆ ಬಿಟ್ಟು ಹೋದವರೂ ಇನ್‌ಸ್ಟಾಗ್ರಾಂನಿಂದಲೇ ಹೊರಟವರೂ ಒಟ್ಟಿಗೆ ಸೇರಿದ ಲೆಕ್ಕ. ಗ್ರಾಫ್ ಹೇಳುವುದು ಇಳಿತದ ಆಕಾರವನ್ನಷ್ಟೇ. ಒಂದೇ ದಿನ ಕಡಿದಂತೆ ಬಿದ್ದು, ಮರುದಿನ ಎಂದಿನಂತಾದರೆ, ಅದೇ ದಿನ ಅಕ್ಕಪಕ್ಕದ ಊರಿನ ಪೇಜ್‌ಗಳಿಗೂ ಹಾಗೇ ಆಗಿದ್ದರೆ, ಕಂಪನಿ ಕಸ ಗುಡಿಸಿರುವ ಸಾಧ್ಯತೆ ಹೆಚ್ಚು. ಒಂದು ಪೋಸ್ಟ್ ಹಾಕಿದ ಕೆಲವು ಗಂಟೆಗಳಲ್ಲಿ ಶುರುವಾಗಿ ನಾಲ್ಕಾರು ದಿನ ಸೋರಿದರೆ ಜನರೇ ಬಿಡುತ್ತಿದ್ದಾರೆ.

ಖಚಿತವಾಗಬೇಕಾದರೆ ಎರಡು ಪಟ್ಟಿ ಬೇಕು, ಇಳಿಯುವ ಮುಂಚಿನದೊಂದು, ಈಗಿನದೊಂದು. ಸೆಟ್ಟಿಂಗ್ಸ್‌ನಲ್ಲಿ Accounts Center ತೆರೆದು, Your information and permissions ಒಳಗಿನ ಎಕ್ಸ್‌ಪೋರ್ಟ್ ಅಥವಾ ಡೌನ್‌ಲೋಡ್ ಆಯ್ಕೆಯಲ್ಲಿ ಫಾಲೋವರ್ ಪಟ್ಟಿಯನ್ನಷ್ಟೇ ಕೇಳಿ. ಅವಧಿಯನ್ನು All time ಎಂದೇ ಆರಿಸಿ. ಬಹಳ ಜನ ಎಡವುವುದು ಇಲ್ಲೇ: ಒಂದು ವರ್ಷ ಎಂದು ಬಿಟ್ಟರೆ ಆ ವರ್ಷ ಫಾಲೋ ಮಾಡಿದವರು ಮಾತ್ರ ಬರುತ್ತಾರೆ, ಹಳಬರೆಲ್ಲ ಹೋದರೇನೋ ಎಂದು ವೃಥಾ ಹೆದರಬೇಕಾಗುತ್ತದೆ. HTML ರೂಪದಲ್ಲಿ ತರಿಸಿದರೆ `followers_1.html` ಎಂಬ ಕಡತದಲ್ಲಿ ಪ್ರತಿ ಹೆಸರಿನ ಕೆಳಗೆ ಅವರು ಫಾಲೋ ಮಾಡಿದ ದಿನಾಂಕ, ಗಂಟೆ ಇರುತ್ತದೆ. ಎರಡನೇ ಸಾಲಿನಿಂದ ಶುರುಮಾಡಿ ಹಳೆಯ ಹೆಸರುಗಳನ್ನು ಶೀಟ್‌ನ A ಕಾಲಂಗೆ, ಹೊಸವನ್ನು B ಕಾಲಂಗೆ ಹಾಕಿ, C2ರಲ್ಲಿ ಹೀಗೆ ಬರೆದು ಹಳೆಯ ಹೆಸರುಗಳು ಮುಗಿಯುವವರೆಗೆ ಕೆಳಕ್ಕೆ ಎಳೆಯಿರಿ:

```
=COUNTIF(B:B,A2)
```

ಸೊನ್ನೆ ಬಂದ ಹೆಸರುಗಳೇ ಕಾಣೆಯಾದವರು.

ನರಸೀಪುರದ ಒಂದು ಪೇಜ್ ಅಂದುಕೊಂಡು ಲೆಕ್ಕ ಹಾಕಿ ನೋಡೋಣ. 12,400 ಇದ್ದದ್ದು 11,780ಕ್ಕೆ ಇಳಿಯಿತು, ಅಂದರೆ 620 ಕಡಿಮೆ. ಪಟ್ಟಿ ಹೋಲಿಸಿದರೆ ಕಾಣೆಯಾದವರು 650, ಹೊಸ ಪಟ್ಟಿಯಲ್ಲಿ ಮಾತ್ರ ಕಂಡವರು 30. ಆ 650ರಲ್ಲಿ ಅಲ್ಲೊಂದು ಇಲ್ಲೊಂದರಂತೆ 40 ಹೆಸರು ತೆಗೆದು ಹುಡುಕಿದಾಗ ಆರು ಪ್ರೊಫೈಲ್ ತೆರೆದವು, ಅವರು ತಾವಾಗಿ ಬಿಟ್ಟವರು. ಉಳಿದವು ತೆರೆಯಲೇ ಇಲ್ಲ. ತೆರೆಯದ್ದನ್ನೆಲ್ಲ ಬಾಟ್ ಎನ್ನುವ ಮೊದಲು ಇನ್ನೊಂದು ಅಕೌಂಟ್‌ನಿಂದಲೂ ನೋಡಬೇಕು, ಏಕೆಂದರೆ ನಿಮ್ಮನ್ನು ಬ್ಲಾಕ್ ಮಾಡಿದವರೂ ನಿಮಗೆ ಹಾಗೇ ಕಾಣುತ್ತಾರೆ. ಯೂಸರ್‌ನೇಮ್ ಬದಲಿಸಿದವರು ಹಳೆಯ ಪಟ್ಟಿಯಿಂದ ಕಾಣೆಯಾಗಿ ಹೊಸ ಪಟ್ಟಿಯಲ್ಲಿ ಬೇರೆ ಹೆಸರಲ್ಲಿ ಇರುತ್ತಾರೆ. ಆ 30ರಲ್ಲಿ ಹಳೆಯ ದಿನಾಂಕ ಇರುವ ಹೆಸರುಗಳಿದ್ದರೆ ಅವು ಇಂಥವರದು.

ಇನ್ನು ಕಾಣೆಯಾದವರು ಫಾಲೋ ಮಾಡಿದ್ದ ದಿನಾಂಕ ನೋಡಿ. ಬಹುಪಾಲು ಒಂದೇ ರಾತ್ರಿ ಎರಡು ಗಂಟೆಯಿಂದ ನಾಲ್ಕರ ನಡುವೆ ಬಂದವರಾಗಿದ್ದು, ಮರುದಿನ ಯಾವ ಪೋಸ್ಟ್‌ಗೂ ಲೈಕ್ ಏರದಿದ್ದರೆ, ಅವರು ನಿಮ್ಮ ಪೇಜ್ ನೋಡಿ ಬಂದವರಲ್ಲ. ಯಾರೋ ದುಡ್ಡು ಕೊಟ್ಟು ತರಿಸಿದ್ದಿರಬಹುದು. ಪೇಜ್ ನಡೆಸುವವರಿಗೆ ಗೊತ್ತಿಲ್ಲದೆ 'ಪ್ರಮೋಷನ್ ಮಾಡಿಕೊಡ್ತೀವಿ' ಎಂದವರೂ ಹೀಗೆ ತುಂಬಿಸಿರಬಹುದು. ಆದರೆ ಗುಂಪಾಗಿ ಬಂದವರೆಲ್ಲ ನಕಲಿಯಲ್ಲ. 2025ರ ಫೆಬ್ರವರಿ 10ರಿಂದ 12ರವರೆಗೆ ಸಂಗಮದಲ್ಲಿ ಕುಂಭಮೇಳ ನಡೆದಾಗ ಪುಣ್ಯಸ್ನಾನದ ರೀಲ್ಸ್ ನೋಡಿದ ಜನ ಮೂರೇ ದಿನದಲ್ಲಿ ಮುಗಿಬಿದ್ದು ಫಾಲೋ ಮಾಡಿದ್ದರೆ ಅದೂ ಪಟ್ಟಿಯಲ್ಲಿ ಗುಂಪಾಗಿಯೇ ಕಾಣುತ್ತದೆ. ವ್ಯತ್ಯಾಸ ಸಮಯದಲ್ಲಿದೆ: ನಿಜವಾದ ಜನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಹರಡಿಕೊಂಡು ಬರುತ್ತಾರೆ, ಲೈಕ್ ಮತ್ತು ಕಾಮೆಂಟ್ ಕೂಡ ಅವರ ಜೊತೆಗೇ ಏರುತ್ತವೆ. ಹೀಗೆ ಬಂದವರಲ್ಲಿ ಕೆಲವರು ಮೇಳ ಮುಗಿದ ಮೇಲೆ ಬಿಟ್ಟು ಹೋಗುವುದು ಸಹಜ.

ಇಳಿತದಿಂದ ನಷ್ಟವಾಯಿತೇ ಎಂದು ತಿಳಿಯಲು Insights ನಲ್ಲಿ ಪೋಸ್ಟ್ ತಲುಪಿದವರ ಲೆಕ್ಕ ನೋಡಿದರೆ ಸಾಕು. ಅಲ್ಲಿ ಫಾಲೋವರ್‌ಗಳು, ಫಾಲೋವರ್ ಅಲ್ಲದವರು ಎಂದು ಬೇರೆಬೇರೆ ತೋರಿಸುತ್ತದೆ. ಹೋದವರು ಬಾಟ್‌ಗಳಾಗಿದ್ದರೆ ಫಾಲೋವರ್‌ಗಳಿಗೆ ತಲುಪುವ ಸಂಖ್ಯೆ ಹೆಚ್ಚು ಕದಲುವುದಿಲ್ಲ, ಏಕೆಂದರೆ ಅವು ಮೊದಲೂ ನೋಡುತ್ತಿರಲಿಲ್ಲ. ಜಾಹೀರಾತು ಕೊಡುವ ಅಂಗಡಿಯವರಿಗೆ ತೋರಿಸಬೇಕಾದದ್ದೂ ಈ ಲೆಕ್ಕವೇ.

ಸಂಖ್ಯೆ ಊಹೆಗೂ ಮೀರಿ ಬಿದ್ದರೆ ಒಂದೆರಡು ದಿನ ಸುಮ್ಮನೆ ಕಾಯಿರಿ. 2022ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್‌ನ ದೋಷದಿಂದ ಮಾರ್ಕ್ ಝುಕರ್‌ಬರ್ಗ್ ಅವರದ್ದೇ 11 ಕೋಟಿಗೂ ಮೀರಿದ ಫಾಲೋವರ್ ಲೆಕ್ಕ ಹತ್ತು ಸಾವಿರದೊಳಗೆ ತೋರಿಸಿತ್ತು, ಆಮೇಲೆ ಸರಿಹೋಯಿತು. ಈ ಆತುರದಲ್ಲಿ 'ಯಾರು ಬಿಟ್ಟರು ನೋಡಿ' ಎನ್ನುವ ಆ್ಯಪ್‌ಗಳಿಗೆ ಪಾಸ್‌ವರ್ಡ್ ಕೊಡಲೇಬೇಡಿ. 2018ರ ನವೆಂಬರ್‌ನಲ್ಲಿ ಇಂಥ ಹೊರಗಿನ ಆ್ಯಪ್‌ಗಳಿಂದ ಬಂದ ನಕಲಿ ಲೈಕ್, ಫಾಲೋಗಳನ್ನು ಇನ್‌ಸ್ಟಾಗ್ರಾಂ ತೆಗೆಯತೊಡಗಿದಾಗ, ಪಾಸ್‌ವರ್ಡ್ ಕೊಟ್ಟಿದ್ದವರಿಗೆ ಅದನ್ನು ಬದಲಿಸಿಕೊಳ್ಳುವಂತೆ ಹೇಳಿತ್ತು. ಕೊಟ್ಟಿದ್ದರೆ ಈಗಲೇ ಬದಲಿಸಿ. ಪಟ್ಟಿಯನ್ನು ತಿಂಗಳಿಗೊಮ್ಮೆ ನೀವೇ ತರಿಸಿಟ್ಟುಕೊಳ್ಳಿ, ಜಾತ್ರೆಗೆ ಮುಂಚೆ ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ. ಹಳೆಯ ಪಟ್ಟಿ ಇಲ್ಲದಿದ್ದರೆ ಹೋದವರು ಯಾರೆಂದು ಆಮೇಲೆ ಕಂಡುಹಿಡಿಯಲು ಆಗುವುದಿಲ್ಲ.