ಮುಕ್ಕಾಲು ಸೆಕೆಂಡಿನ ಮೂರು ಸ್ವರ

ಸಿ.ಡಿ. ಬರೆಯುವ ಕೆಲಸ ಮುಗಿಯಿತೆಂದು ತಿಳಿಸಲು ಒಂದು ಪುಟ್ಟ ಸದ್ದು ಬೇಕಿತ್ತು. 1990ರ ದಶಕದ ಕೊನೆಯಲ್ಲಿ ಮ್ಯಾಕ್ ಕಂಪ್ಯೂಟರಿನ 'ಸೌಂಡ್‌ಜ್ಯಾಮ್ ಎಂಪಿ' ತಂತ್ರಾಂಶಕ್ಕಾಗಿ ಅದನ್ನು ಹುಡುಕಲು ಹೊರಟವರು ಕೆಲ್ಲಿ ಜ್ಯಾಕ್ಲಿನ್. ಮೇಜರ್ ಶ್ರೇಣಿಯ ಕೆಲವೇ ಸ್ವರಗಳನ್ನು ಬಗೆಬಗೆಯಾಗಿ ಜೋಡಿಸಿ ನುಡಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದರು. ಬಂದ ತುಣುಕುಗಳನ್ನು ಬೇರೆ ಬೇರೆ ವಾದ್ಯಗಳಲ್ಲಿ ಕೇಳುತ್ತ ಹೋದರು. ಕೊನೆಗೆ ಉಳಿದ ಫೈಲಿನ ಹೆಸರು '158-marimba'. ಆ ತಂತ್ರಾಂಶವನ್ನು ಆಪಲ್ ಕೊಂಡು ಐಟ್ಯೂನ್ಸ್ ಮಾಡಿತು. 2007ರಲ್ಲಿ ಅದೇ ಸದ್ದು 'ಟ್ರೈ-ಟೋನ್' ಆಗಿ ಐಫೋನಿನೊಳಗೆ ಬಂತು.

ಮಾರಿಂಬಾ ಎಂದರೆ ಮರದ ಪಟ್ಟಿಗಳನ್ನು ಮೆತ್ತನೆಯ ಕೋಲಿನಿಂದ ಬಡಿದು ನುಡಿಸುವ ವಾದ್ಯ. ನೋಟಿಫಿಕೇಷನ್ ಟೋನಿಗೆ ಅದು ಇಷ್ಟು ಹೊಂದುವುದಕ್ಕೆ ಕಾರಣವಿದೆ. ಏಟು ಬಿದ್ದ ಕೂಡಲೇ ಸ್ವರ ಸ್ಪಷ್ಟವಾಗಿ ಕೇಳುತ್ತದೆ, ಎಳೆದಾಡದೆ ತಾನಾಗಿಯೇ ಅಡಗುತ್ತದೆ. ಪಟ್ಟಿಯನ್ನು ಕೆತ್ತುವಾಗಲೇ ಮೂಲ ಸ್ವರದ ಜೊತೆಗೆ ಎರಡು ಸ್ಥಾಯಿ ಮೇಲಿನ ಅದೇ ಸ್ವರವೂ ಸಣ್ಣಗೆ ಕೇಳುವಂತೆ ಶ್ರುತಿ ಮಾಡಿರುತ್ತಾರೆ. ಸದ್ದಿಗೆ ಹೊಳಪು ಬರುವುದು ಅದರಿಂದಲೇ.

ಕಿವಿಗೆ ಹಿತವೋ ಕಿರಿಕಿರಿಯೋ ಎಂಬುದು ಬಹುಪಾಲು ಸದ್ದಿನ ಮೊದಲ ಕ್ಷಣದಲ್ಲೇ ತೀರ್ಮಾನವಾಗುತ್ತದೆ. ಇದನ್ನು ಚೆನ್ನಾಗಿ ಬಲ್ಲವರು ವಿಮಾನದ ಎಚ್ಚರಿಕೆ ಸದ್ದುಗಳನ್ನು ಅಧ್ಯಯನ ಮಾಡಿದವರು. ಒಂದು ಕಾಲದಲ್ಲಿ ಕಾಕ್‌ಪಿಟ್ಟಿನ ಗಂಟೆ, ಹಾರನ್‌ಗಳು ಎಷ್ಟು ಜೋರಾಗಿದ್ದವೆಂದರೆ, ಅಪಾಯವೇನೆಂದು ನೋಡುವ ಮೊದಲು ಸದ್ದನ್ನು ನಿಲ್ಲಿಸುವುದೇ ಪೈಲಟ್‌ಗಳ ಕೆಲಸವಾಗುತ್ತಿತ್ತು. ಬ್ರಿಟನ್ನಿನಲ್ಲಿ ರಾಯ್ ಪ್ಯಾಟರ್ಸನ್ 1982ರಲ್ಲಿ ಕೊಟ್ಟ ಸೂಚನೆಗಳಲ್ಲಿ ಒಂದು ಹೀಗಿತ್ತು: ಸದ್ದು ಒಮ್ಮೆಗೇ ಎರಗಬಾರದು, 20ರಿಂದ 30 ಮಿಲಿಸೆಕೆಂಡಿನಲ್ಲಿ ಏರಬೇಕು. ಒಂದು ಸೆಕೆಂಡಿನ ಐವತ್ತನೇ ಒಂದು ಪಾಲಿನಷ್ಟು ಈ ಅವಕಾಶ ಸಿಕ್ಕರೂ ಮೈ ಬೆಚ್ಚಿಬೀಳುವುದು ಕಡಿಮೆಯಾಗುತ್ತದೆ. ದಿನಕ್ಕೆ ಹತ್ತಾರು ಸಲ, ಅದೂ ಕೆಲವೊಮ್ಮೆ ನಿದ್ದೆಗಣ್ಣಿನಲ್ಲಿ ಕೇಳುವ ಸದ್ದಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಇನ್ನು ಗುರುತು ಸಿಗುವ ಮಾತು. ನೋಕಿಯಾ ಫೋನುಗಳಲ್ಲಿ ಮೆಸೇಜ್ ಬಂದಾಗ ಮೂರು ಗಿಡ್ಡ, ಎರಡು ಉದ್ದ, ಮತ್ತೆ ಮೂರು ಗಿಡ್ಡ ಬೀಪ್ ಕೇಳುತ್ತಿದ್ದವು. ಅದು ಮೋರ್ಸ್ ಸಂಕೇತದಲ್ಲಿ 'ಎಸ್ಎಂಎಸ್'. ರಾಗದ ಹಂಗಿಲ್ಲದೆ ಬರೀ ಲಯದಿಂದಲೇ ಜನ ಅದನ್ನು ಗುರುತಿಸುತ್ತಿದ್ದರು. ಗದ್ದಲದ ಬಸ್ಸಿನಲ್ಲಿ ಸ್ವರದ ಸೂಕ್ಷ್ಮ ಕಳೆದುಹೋದರೂ ಲಯ ಉಳಿದುಕೊಳ್ಳುತ್ತದೆ.

ಈ ಮೂರನ್ನೂ ಸೇರಿಸಿ ಒಂದು ಟೋನ್ ಕಟ್ಟಿ ನೋಡಬಹುದು. ಷಡ್ಜ 880 ಹರ್ಟ್ಸ್ ಎಂದಿಟ್ಟುಕೊಂಡರೆ ಪಂಚಮ 1320, ತಾರ ಷಡ್ಜ 1760. ಇದಕ್ಕಿಂತ ತೀರಾ ಕೆಳಗಿನ ಸ್ವರಗಳನ್ನು ಫೋನಿನ ಪುಟ್ಟ ಸ್ಪೀಕರ್ ಸರಿಯಾಗಿ ನುಡಿಸಲಾರದು. ತೀರಾ ಮೇಲಿನವು ಜೇಬಿನ ಬಟ್ಟೆಯಲ್ಲೇ ಇಂಗಿಹೋಗುತ್ತವೆ, ವಯಸ್ಸಾದವರ ಕಿವಿಗಂತೂ ಮುಟ್ಟುವುದೇ ಇಲ್ಲ. ಮೊದಲ ಸ್ವರ ಶುರುವಾದ 110 ಮಿಲಿಸೆಕೆಂಡಿಗೆ ಪಂಚಮ ಬರಲಿ, ತಾರ ಷಡ್ಜ ಮಾತ್ರ ಸ್ವಲ್ಪ ತಡೆದು 330ಕ್ಕೆ ಬರಲಿ. ಈ ಅಸಮ ನಡಿಗೆಯೇ ಟೋನಿನ ಗುರುತು. ಪ್ರತಿ ಸ್ವರವೂ 20 ಮಿಲಿಸೆಕೆಂಡಿನಲ್ಲಿ ಏರಿ, ಮಾರಿಂಬಾದ ಹಾಗೆ ಇಳಿಯಲಿ. ಮುಕ್ಕಾಲು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಕೊನೆಯ ಸ್ವರವನ್ನು ಪೂರ್ತಿ ಅಡಗಲು ಬಿಡದೆ ಕತ್ತರಿಸಿದರೆ 'ಟಕ್' ಎಂಬ ಸದ್ದು ಉಳಿಯುತ್ತದೆ. ಹೊಸಬರ ಟೋನುಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಇದೇ.

ಫೈಲಿನಲ್ಲಿ ಸದ್ದನ್ನು ಗರಿಷ್ಠ ಮಟ್ಟಕ್ಕೆ ಏರಿಸುವ ಆಸೆಯನ್ನೂ ಬಿಡಬೇಕು. ವಾಲ್ಯೂಮ್ ಬಳಸುವವರ ಕೈಯಲ್ಲಿದೆ ನಿಜ, ಆದರೆ ಇಯರ್‌ಫೋನ್ ಹಾಕಿಕೊಂಡು ಮೆಲುವಾದ ಹಾಡು ಕೇಳುತ್ತಿರುವವರಿಗೆ ನಡುವೆ ಬರುವ ಟೋನ್ ಹಾಡಿಗಿಂತ ಎಷ್ಟೋ ಜೋರಾಗಿ ನೇರ ಕಿವಿಯೊಳಗೇ ಬಡಿಯಬಹುದು. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್ ನಡುವೆ. ತಾರ ಷಡ್ಜ ಆ ವಲಯದ ಹೊಸ್ತಿಲಲ್ಲೇ ಇರುವುದರಿಂದ, ಮೂರಕ್ಕೂ ಸಮಾನ ಬಲ ಕೊಟ್ಟರೆ ಅದೊಂದೇ ಎದ್ದು ಚುಚ್ಚುವ ಸಾಧ್ಯತೆಯಿದೆ. ಅದರ ಮಟ್ಟವನ್ನು ಮೂರು ಡೆಸಿಬಲ್‌ನಷ್ಟು ಇಳಿಸಿದರೆ ಸಾಮಾನ್ಯವಾಗಿ ಮೂರೂ ಹದಕ್ಕೆ ಬರುತ್ತವೆ.

ಸ್ಟುಡಿಯೋ ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಟೋನನ್ನು ಅಗ್ಗದ ಫೋನಿನಲ್ಲಿ ಹಾಕಿ, ಫ್ಯಾನ್ ತಿರುಗುವ ಕೋಣೆಯಲ್ಲಿ, ಬ್ಯಾಗಿನೊಳಗಿಟ್ಟು ಕೇಳಬೇಕು. ಇಯರ್‌ಫೋನಿನಲ್ಲಿ ಕಡಿಮೆ ವಾಲ್ಯೂಮಿನಿಂದ ಶುರುಮಾಡಬೇಕು. ಆಮೇಲೆ ವಾರವಿಡೀ ಅದನ್ನೇ ಸ್ವಂತ ಫೋನಿನ ಟೋನ್ ಮಾಡಿಕೊಳ್ಳಬೇಕು. ಅಷ್ಟರಲ್ಲಿ ಕೈ ತಾನಾಗಿ ಫೋನನ್ನು ಸೈಲೆಂಟ್‌ಗೆ ಹಾಕತೊಡಗಿದರೆ ಮೊದಲು ತಿದ್ದಬೇಕಾದದ್ದು ಸ್ವರಗಳನ್ನಲ್ಲ, ಸದ್ದು ಏರುವ ಆ 20 ಮಿಲಿಸೆಕೆಂಡನ್ನು ಮತ್ತು ತಾರ ಷಡ್ಜದ ಮಟ್ಟವನ್ನು.