ವೈವಾ ತಯಾರಿ: ಗ್ರಾಂ ವರ್ಣಲೇಪನ ಮತ್ತು ಮ್ಯಾಕಾಂಕಿ ಮಾಧ್ಯಮ – ಪ್ರಶ್ನೆಗಳು ಮತ್ತು ಮಾದರಿ ಉತ್ತರಗಳು

ಪ್ರಾಯೋಗಿಕ ಪರೀಕ್ಷೆಯಲ್ಲಿ ಸ್ಲೈಡ್ ಚೆನ್ನಾಗಿ ಮಾಡಿದ ವಿದ್ಯಾರ್ಥಿಗಳೂ ವೈವಾದಲ್ಲಿ ಅಂಕ ಕಳೆದುಕೊಳ್ಳುವುದುಂಟು. ಬಣ್ಣಗಳ ಹೆಸರು ಎಲ್ಲರಿಗೂ ಬಾಯಿಪಾಠ ಇರುತ್ತದೆ. ಆದರೆ ಪರೀಕ್ಷಕರು "ಆ ಹಂತ ಬಿಟ್ಟರೆ ಏನಾಗುತ್ತದೆ?" ಎಂದು ಕೇಳಿದ ಕೂಡಲೇ ಮೌನ. ಈ ಲೇಖನದಲ್ಲಿ ಒಂದೇ ವರ್ಣಲೇಪನ ಮತ್ತು ಒಂದೇ ಮುಖ್ಯ ಮಾಧ್ಯಮವನ್ನು ತೆಗೆದುಕೊಂಡು, ಕಾರಣಸಹಿತ ಉತ್ತರ ಹೇಗೆ ಹೇಳಬೇಕೆಂದು ನೋಡೋಣ. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಸೂಕ್ಷ್ಮಜೀವಿಗಳ ಅಧ್ಯಾಯ ಓದುವವರಿಗೂ, ಮುಂದೆ ಡಿ.ಎಂ.ಎಲ್.ಟಿ. ಅಥವಾ ಬಿ.ಎಸ್ಸಿ. ಸೇರುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಒಂದು ಮಾತನ್ನು ಮೊದಲೇ ನೆನಪಿಡಿ. ಗ್ರಾಂ ವರ್ಣಲೇಪನವೂ ಮ್ಯಾಕಾಂಕಿ ಮಾಧ್ಯಮವೂ ಎರಡು ಬೇರೆ ಪಾಠಗಳಲ್ಲ. ಎರಡೂ ಬ್ಯಾಕ್ಟೀರಿಯಾದ ಹೊರಗೋಡೆಯ ರಚನೆಯನ್ನೇ ಆಧರಿಸಿವೆ. ಗೋಡೆ ಅರ್ಥವಾದರೆ ಹೆಚ್ಚಿನ ಉತ್ತರಗಳು ತಾವಾಗಿಯೇ ಬರುತ್ತವೆ.

ಪ್ರಶ್ನೆ 1: ಗ್ರಾಂ ವರ್ಣಲೇಪನದ ಹಂತಗಳನ್ನು ಹೇಳಿ.

ಉತ್ತರ: ಸ್ವಚ್ಛವಾದ ಸ್ಲೈಡಿನ ಮೇಲೆ ತೆಳುವಾದ ಸ್ಮಿಯರ್ ಮಾಡಿ, ಗಾಳಿಯಲ್ಲಿ ಒಣಗಿಸಿ, ಜ್ವಾಲೆಯ ಮೇಲೆ ಎರಡು ಮೂರು ಸಲ ಹಾಯಿಸಿ ಸ್ಥಿರಗೊಳಿಸುತ್ತೇನೆ. ನಂತರ ಕ್ರಿಸ್ಟಲ್ ವಯೊಲೆಟ್ ಹಾಕಿ 1 ನಿಮಿಷ ಬಿಟ್ಟು ನೀರಿನಲ್ಲಿ ತೊಳೆಯುತ್ತೇನೆ. ಗ್ರಾಂ ಅಯೋಡಿನ್ ಹಾಕಿ ಮತ್ತೆ 1 ನಿಮಿಷ ಬಿಟ್ಟು ತೊಳೆಯುತ್ತೇನೆ. ಶೇ. 95 ಆಲ್ಕೋಹಾಲನ್ನು ಹನಿಹನಿಯಾಗಿ 10ರಿಂದ 20 ಸೆಕೆಂಡು ಹಾಯಿಸಿ, ಕೂಡಲೇ ನೀರು ಹಾಕಿ ನಿಲ್ಲಿಸುತ್ತೇನೆ. ಕೊನೆಗೆ ಸಫ್ರಾನಿನ್ ಹಾಕಿ ಅರ್ಧದಿಂದ 1 ನಿಮಿಷ ಬಿಟ್ಟು, ತೊಳೆದು, ಒಣಗಿಸಿ, ಆಯಿಲ್ ಇಮ್ಮರ್ಶನ್ ಮಸೂರದಲ್ಲಿ ನೋಡುತ್ತೇನೆ. ಗ್ರಾಂ ಪಾಸಿಟಿವ್ ನೇರಳೆ, ಗ್ರಾಂ ನೆಗೆಟಿವ್ ಗುಲಾಬಿ.

ಪ್ರಶ್ನೆ 2: ಒಂದೇ ಬಣ್ಣ ಹಾಕಿದರೂ ಒಂದು ಗುಂಪು ನೇರಳೆಯಾಗಿಯೇ ಉಳಿಯುವುದು ಏಕೆ?

ಉತ್ತರ: ಕ್ರಿಸ್ಟಲ್ ವಯೊಲೆಟ್ ಎರಡೂ ಗುಂಪುಗಳ ಒಳಗೆ ಹೋಗುತ್ತದೆ. ಅಯೋಡಿನ್ ಅದರೊಂದಿಗೆ ಸೇರಿ ದೊಡ್ಡ ಸಂಕೀರ್ಣವಾಗುತ್ತದೆ. ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾದ ಪೆಪ್ಟಿಡೋಗ್ಲೈಕಾನ್ ಗೋಡೆ ದಪ್ಪ. ಆಲ್ಕೋಹಾಲ್ ತಗುಲಿದಾಗ ಆ ಗೋಡೆಯ ನೀರಿನಂಶ ಹೋಗಿ ಅದು ಬಿಗಿಯುತ್ತದೆ. ಸಂಕೀರ್ಣ ಒಳಗೇ ಸಿಕ್ಕಿಬೀಳುತ್ತದೆ. ಗ್ರಾಂ ನೆಗೆಟಿವ್‌ನಲ್ಲಿ ಪೆಪ್ಟಿಡೋಗ್ಲೈಕಾನ್ ಪದರ ತೆಳು, ಅದರ ಹೊರಗೆ ಲಿಪಿಡ್ ಇರುವ ಹೊರಪೊರೆ ಇದೆ. ಆಲ್ಕೋಹಾಲ್ ಆ ಲಿಪಿಡನ್ನು ಕರಗಿಸುವುದರಿಂದ ಬಣ್ಣ ಹೊರಗೆ ಬರುತ್ತದೆ. ಬಣ್ಣ ಕಳೆದುಕೊಂಡ ಕೋಶವನ್ನು ನಾವು ನೋಡುವಂತೆ ಮಾಡುವುದು ಸಫ್ರಾನಿನ್.

ಪ್ರಶ್ನೆ 3: ಇಲ್ಲಿ ಅಯೋಡಿನ್ ಪಾತ್ರವೇನು? ಅದನ್ನು ಬಿಟ್ಟರೆ?

ಉತ್ತರ: ಅಯೋಡಿನ್ ಬಣ್ಣವಲ್ಲ, ಮಾರ್ಡೆಂಟ್, ಅಂದರೆ ಬಣ್ಣವನ್ನು ಹಿಡಿದಿಡುವ ವಸ್ತು. ಗಿಡಮೂಲದ ಬಣ್ಣದಲ್ಲಿ ನೂಲು ಅದ್ದುವವರು ಬಣ್ಣ ಬಿಡದಿರಲೆಂದು ಪಟಕ ಬಳಸುತ್ತಾರಲ್ಲ, ಅದೇ ಕೆಲಸ. ಅಯೋಡಿನ್ ಬಿಟ್ಟರೆ ಆಲ್ಕೋಹಾಲ್ ಎಲ್ಲ ಕೋಶಗಳಿಂದಲೂ ನೇರಳೆ ಬಣ್ಣ ತೆಗೆಯುತ್ತದೆ, ಎಲ್ಲವೂ ಗುಲಾಬಿಯಾಗಿ ಕಾಣುತ್ತವೆ.

ಇದೇ ರೀತಿ ಇನ್ನೆರಡು ಉಪಪ್ರಶ್ನೆ ಬರುತ್ತವೆ. ಆಲ್ಕೋಹಾಲ್ ಬಿಟ್ಟರೆ ಎಲ್ಲವೂ ನೇರಳೆ. ಸಫ್ರಾನಿನ್ ಬಿಟ್ಟರೆ ಪಾಸಿಟಿವ್ ನೇರಳೆಯಾಗಿಯೇ ಇರುತ್ತದೆ, ನೆಗೆಟಿವ್ ಬಣ್ಣವಿಲ್ಲದೆ ಉಳಿದು ಕಣ್ಣಿಗೆ ಬೀಳುವುದಿಲ್ಲ. 1884ರಲ್ಲಿ ಬರ್ಲಿನ್‌ನಲ್ಲಿ ಈ ವಿಧಾನ ಪ್ರಕಟಿಸಿದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಕೂಡ ಸಫ್ರಾನಿನ್ ಬಳಸಿರಲಿಲ್ಲ; ಅದು ನಂತರ ಸೇರಿದ ಹಂತ.

ಪ್ರಶ್ನೆ 4: ಅತಿ ಹೆಚ್ಚು ತಪ್ಪಾಗುವ ಹಂತ ಯಾವುದು? ತಪ್ಪಾಗಿದೆ ಎಂದು ಹೇಗೆ ತಿಳಿಯುತ್ತದೆ?

ಉತ್ತರ: ಆಲ್ಕೋಹಾಲ್ ಹಂತ. ಹೆಚ್ಚು ಹೊತ್ತು ಹಾಯಿಸಿದರೆ ಗ್ರಾಂ ಪಾಸಿಟಿವ್ ಕೂಡ ಬಣ್ಣ ಬಿಟ್ಟು ಗುಲಾಬಿಯಾಗುತ್ತದೆ. ಕಡಿಮೆ ಹಾಯಿಸಿದರೆ, ಅಥವಾ ಸ್ಮಿಯರ್ ದಪ್ಪವಾಗಿದ್ದರೆ, ಗ್ರಾಂ ನೆಗೆಟಿವ್ ಕೂಡ ನೇರಳೆಯಾಗಿ ಉಳಿಯುತ್ತದೆ. ಅದಕ್ಕೇ ಗಡಿಯಾರಕ್ಕಿಂತ ಸ್ಲೈಡನ್ನು ನೋಡಬೇಕು: ಇಳಿಯುವ ಹನಿಯಲ್ಲಿ ನೇರಳೆ ಬಣ್ಣ ನಿಂತ ಕ್ಷಣವೇ ನೀರು ಹಾಕಬೇಕು.

ತಪ್ಪನ್ನು ಕಂಡುಹಿಡಿಯಲು ಅದೇ ಸ್ಲೈಡಿನ ಒಂದು ತುದಿಯಲ್ಲಿ ಗೊತ್ತಿರುವ ಗ್ರಾಂ ಪಾಸಿಟಿವ್, ಇನ್ನೊಂದು ತುದಿಯಲ್ಲಿ ಗೊತ್ತಿರುವ ಗ್ರಾಂ ನೆಗೆಟಿವ್ ಸ್ಮಿಯರ್ ಇಡುತ್ತೇವೆ. ಇವಕ್ಕೆ ಕಂಟ್ರೋಲ್ ಎನ್ನುತ್ತಾರೆ. ಪಾಸಿಟಿವ್ ಕಂಟ್ರೋಲ್ ನಮ್ಮ ಅಡುಗೆಮನೆಯಲ್ಲೇ ಇದೆ. ರೊಟ್ಟಿ ಜೊತೆ ಉಣ್ಣುವ ತಾಜಾ ಮೊಸರಿನ ತಿಳಿನೀರನ್ನು ಸ್ವಲ್ಪ ತೆಗೆದು, ಒಂದು ಹನಿ ನೀರಿನಲ್ಲಿ ಬೆರೆಸಿ ತೆಳುವಾಗಿ ಹರಡಿದರೆ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ನೇರಳೆ ಕಡ್ಡಿಗಳಾಗಿಯೂ ಸರಪಳಿಗಳಾಗಿಯೂ ಕಾಣುತ್ತವೆ. ಕೆನೆ ಅಥವಾ ಗಟ್ಟಿ ಮೊಸರು ತೆಗೆದರೆ ಕೊಬ್ಬು ಮತ್ತು ಪ್ರೋಟೀನು ಹಿನ್ನೆಲೆಯನ್ನೇ ಮುಚ್ಚುತ್ತವೆ. ಹಳೆಯ ಹುಳಿ ಮೊಸರೂ ಬೇಡ. ವಯಸ್ಸಾದ ಕೋಶಗಳ ಗೋಡೆ ದುರ್ಬಲವಾಗಿ, ಗ್ರಾಂ ಪಾಸಿಟಿವ್ ಆಗಿದ್ದರೂ ಗುಲಾಬಿಯಾಗಿ ಕಾಣಬಹುದು. ಪ್ಲೇಟಿನಿಂದ ತೆಗೆಯುವಾಗಲೂ 24 ಗಂಟೆಯೊಳಗಿನ ಬೆಳೆಯನ್ನೇ ಬಳಸಬೇಕು ಎನ್ನುವುದು ಇದೇ ಕಾರಣಕ್ಕೆ.

ಪ್ರಶ್ನೆ 5: 100 ಮಿ.ಲೀ. ನ್ಯೂಟ್ರಿಯಂಟ್ ಅಗಾರ್ ಹೇಗೆ ತಯಾರಿಸುತ್ತೀರಿ?

ಉತ್ತರ: ಪೆಪ್ಟೋನ್ 0.5 ಗ್ರಾಂ, ಬೀಫ್ ಎಕ್ಸ್‌ಟ್ರಾಕ್ಟ್ 0.3 ಗ್ರಾಂ, ಉಪ್ಪು 0.5 ಗ್ರಾಂ ಇವನ್ನು 100 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಪಿ.ಎಚ್. 7.2ರಿಂದ 7.4ಕ್ಕೆ ಹೊಂದಿಸುತ್ತೇನೆ. 1.5 ಗ್ರಾಂ ಅಗಾರ್ ಸೇರಿಸಿ ಕುದಿಸಿ ಕರಗಿಸುತ್ತೇನೆ. ಆಟೋಕ್ಲೇವ್‌ನಲ್ಲಿ 15 ಪೌಂಡ್ ಒತ್ತಡ, 121 ಡಿಗ್ರಿ ಸೆಲ್ಸಿಯಸ್, 15 ನಿಮಿಷ ಇಡುತ್ತೇನೆ. 45ರಿಂದ 50 ಡಿಗ್ರಿಗೆ ತಣಿದ ಮೇಲೆ ಪ್ಲೇಟಿಗೆ 15ರಿಂದ 20 ಮಿ.ಲೀ. ಸುರಿಯುತ್ತೇನೆ. ಇದಕ್ಕಿಂತ ಬಿಸಿಯಾಗಿ ಸುರಿದರೆ ಮುಚ್ಚಳದಲ್ಲಿ ಹಬೆ ನೀರಾಗಿ ತೊಟ್ಟಿಕ್ಕಿ ಕಾಲೊನಿಗಳು ಒಂದರೊಳಗೊಂದು ಹರಡಿಬಿಡುತ್ತವೆ. ಇನ್‌ಕ್ಯುಬೇಟರ್‌ನಲ್ಲಿ ಪ್ಲೇಟನ್ನು ಬೋರಲು ಇಡುವುದೂ ಅದಕ್ಕೇ.

ಪ್ರಶ್ನೆ 6: ಜೆಲಾಟಿನ್ ಬದಲು ಅಗಾರ್ ಏಕೆ?

ಉತ್ತರ: ಜೆಲಾಟಿನ್ 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಕರಗಿ ನೀರಾಗುತ್ತದೆ. ಏಪ್ರಿಲ್ ತಿಂಗಳ ಬಾಗಲಕೋಟೆಯ ಮಧ್ಯಾಹ್ನದಲ್ಲಾದರೆ ಮೇಜಿನ ಮೇಲೆಯೇ ಕರಗೀತು. ಅಲ್ಲದೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಜೀರ್ಣಿಸಿಕೊಳ್ಳುತ್ತವೆ. ಕೆಂಪು ಪಾಚಿಯಿಂದ ಬರುವ ಅಗಾರ್ ಕರಗಲು 85 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಒಮ್ಮೆ ಕರಗಿದ್ದು ಸುಮಾರು 40 ಡಿಗ್ರಿಗೆ ಇಳಿಯುವವರೆಗೂ ದ್ರವವಾಗಿರುತ್ತದೆ, ಆಮೇಲೆ ಹೆಪ್ಪುಗಟ್ಟುತ್ತದೆ. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಅದು ಆಹಾರವಲ್ಲ. ರಾಬರ್ಟ್ ಕಾಕ್ ಅವರ ಪ್ರಯೋಗಾಲಯಕ್ಕೆ ಅಗಾರ್ ಸೂಚಿಸಿದವರು ಫ್ಯಾನಿ ಹೆಸ್ಸೆ. ಅಡುಗೆಯಲ್ಲಿ ಅದರ ಬಳಕೆ ಅವರಿಗೆ ಗೊತ್ತಿತ್ತು.

ಪ್ರಶ್ನೆ 7: ಮ್ಯಾಕಾಂಕಿ ಅಗಾರನ್ನು ಸೆಲೆಕ್ಟಿವ್ ಎಂದೂ ಡಿಫರೆನ್ಷಿಯಲ್ ಎಂದೂ ಏಕೆ ಕರೆಯುತ್ತಾರೆ?

ಉತ್ತರ: ಇದರಲ್ಲಿ ಪಿತ್ತ ಲವಣ ಮತ್ತು ಕ್ರಿಸ್ಟಲ್ ವಯೊಲೆಟ್ ಇವೆ. ಗ್ರಾಂ ನೆಗೆಟಿವ್‌ನ ಹೊರಪೊರೆ ಇವೆರಡನ್ನೂ ತಡೆಯುತ್ತದೆ. ಗ್ರಾಂ ಪಾಸಿಟಿವ್‌ಗೆ ಆ ಪೊರೆ ಇಲ್ಲ, ಆದ್ದರಿಂದ ಅದು ಬೆಳೆಯುವುದಿಲ್ಲ. ಹೀಗೆ ಆರಿಸುವುದರಿಂದ ಸೆಲೆಕ್ಟಿವ್. ಲ್ಯಾಕ್ಟೋಸ್ ಮತ್ತು ನ್ಯೂಟ್ರಲ್ ರೆಡ್ ಕೂಡ ಇವೆ. ಇ. ಕೋಲೈ ಲ್ಯಾಕ್ಟೋಸನ್ನು ಹುದುಗಿಸಿ ಆಮ್ಲ ಮಾಡುವುದರಿಂದ ಅದರ ಕಾಲೊನಿ ಗುಲಾಬಿಯಾಗುತ್ತದೆ. ಸಾಲ್ಮೊನೆಲ್ಲಾ ಹುದುಗಿಸದ ಕಾರಣ ಬಣ್ಣವಿಲ್ಲದೆ ಉಳಿಯುತ್ತದೆ. ಹೀಗೆ ಬೇರ್ಪಡಿಸುವುದರಿಂದ ಡಿಫರೆನ್ಷಿಯಲ್.

ಗಮನಿಸಿ: ಸ್ಲೈಡಿನ ಮೇಲೆ ಬಣ್ಣವಾಗಿದ್ದ ಕ್ರಿಸ್ಟಲ್ ವಯೊಲೆಟ್ ಇಲ್ಲಿ ತಡೆಗಾರ. ಲೀಟರಿಗೆ ಬರೀ 1 ಮಿಲಿಗ್ರಾಂ ಸಾಕು. ಕ್ರಿಸ್ಟಲ್ ವಯೊಲೆಟ್ ಇಲ್ಲದ ಮ್ಯಾಕಾಂಕಿಯೂ ಮಾರಾಟಕ್ಕಿದೆ. ಅದರ ಮೇಲೆ ಕೆಲವು ಗ್ರಾಂ ಪಾಸಿಟಿವ್‌ಗಳು ಸಣ್ಣ ಕಾಲೊನಿಗಳಾಗಿ ಬೆಳೆಯಬಹುದು. ಆದ್ದರಿಂದ ಬಾಟಲಿಯ ಲೇಬಲ್ ಓದಿಯೇ ಉತ್ತರಿಸಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಿ. ಪ್ಲೇಟಿನ ಗುಲಾಬಿ ಬಣ್ಣ ಆಮ್ಲದ್ದು, ಸ್ಲೈಡಿನ ಗುಲಾಬಿ ಬಣ್ಣ ಸಫ್ರಾನಿನ್‌ದು. ಸಾಲ್ಮೊನೆಲ್ಲಾ ಪ್ಲೇಟಿನಲ್ಲಿ ಬಣ್ಣವಿಲ್ಲದೆ, ಸ್ಲೈಡಿನಲ್ಲಿ ಗುಲಾಬಿಯಾಗಿ ಕಾಣುತ್ತದೆ.

ಪ್ರಶ್ನೆ 8: ಒಂದೇ ಮಾದರಿಯನ್ನು ಎರಡು ಪ್ಲೇಟಿಗೆ ಎಳೆಯಲಾಗಿದೆ. ನ್ಯೂಟ್ರಿಯಂಟ್ ಅಗಾರ್‌ನಲ್ಲಿ ಎರಡು ಬಗೆಯ ಕಾಲೊನಿಗಳಿವೆ: ಚಿಕ್ಕ ಹೊಂಬಣ್ಣದ್ದು, ದೊಡ್ಡ ಬೂದು ಬಿಳಿಯದ್ದು. ಕ್ರಿಸ್ಟಲ್ ವಯೊಲೆಟ್ ಇರುವ ಮ್ಯಾಕಾಂಕಿಯಲ್ಲಿ ಗುಲಾಬಿ ಕಾಲೊನಿ ಮಾತ್ರ ಇದೆ. ನ್ಯೂಟ್ರಿಯಂಟ್ ಅಗಾರ್‌ನ ಎರಡೂ ಕಾಲೊನಿಗಳನ್ನು ಬೆರೆಸಿ ನೀವು ಮಾಡಿದ ಸ್ಲೈಡಿನಲ್ಲಿ ಗುಲಾಬಿ ಕಡ್ಡಿಗಳೂ, ದ್ರಾಕ್ಷಿ ಗೊಂಚಲಿನಂಥ ಗುಲಾಬಿ ಗೋಲಗಳೂ ಕಾಣುತ್ತಿವೆ. ಏನು ಹೇಳುತ್ತೀರಿ?

ಉತ್ತರ: ಗುಲಾಬಿ ಕಡ್ಡಿ ಮ್ಯಾಕಾಂಕಿಯ ಗುಲಾಬಿ ಕಾಲೊನಿಗೆ ಹೊಂದುತ್ತದೆ: ಲ್ಯಾಕ್ಟೋಸ್ ಹುದುಗಿಸುವ ಗ್ರಾಂ ನೆಗೆಟಿವ್, ಇ. ಕೋಲೈ ಇರಬಹುದು. ಆದರೆ ಗೊಂಚಲಿನ ಗೋಲಗಳ ಬಣ್ಣದ ಮೇಲೆ ನನಗೆ ಅನುಮಾನ ಇದೆ. ಗೊಂಚಲು ಜೋಡಣೆ ಸ್ಟ್ಯಾಫಿಲೊಕಾಕಸ್ ಲಕ್ಷಣ, ಅದು ಗ್ರಾಂ ಪಾಸಿಟಿವ್. ಹೊಂಬಣ್ಣದ ಕಾಲೊನಿ ಮ್ಯಾಕಾಂಕಿಯಲ್ಲಿ ಬೆಳೆದಿಲ್ಲ, ಅದೂ ಇದನ್ನೇ ಹೇಳುತ್ತದೆ. ಹಾಗಾಗಿ ನನ್ನ ಸ್ಲೈಡಿಗೆ ಆಲ್ಕೋಹಾಲ್ ಹೆಚ್ಚಾಗಿರಬೇಕು. ಅದೇ ಸ್ಲೈಡಿನ ಮೊಸರಿನ ಕಂಟ್ರೋಲ್ ನೋಡುತ್ತೇನೆ. ಅದೂ ಗುಲಾಬಿಯಾಗಿದ್ದರೆ ತಪ್ಪು ನನ್ನದು. ಹೊಸ ಸ್ಮಿಯರ್ ಮಾಡಿ ಮತ್ತೆ ಬಣ್ಣ ಹಾಕುತ್ತೇನೆ. ಕಂಟ್ರೋಲ್ ನೇರಳೆಯಾಗಿಯೇ ಇದ್ದರೆ ಬೆಳೆ ಹಳೆಯದೇ ಎಂದು ವಿಚಾರಿಸಿ, ತಾಜಾ ಬೆಳೆಯಿಂದ ಮತ್ತೆ ಮಾಡುತ್ತೇನೆ.

ಇಂಥ ಉತ್ತರಕ್ಕೆ ಪೂರ್ತಿ ಅಂಕ ಕೊಡಬಹುದು, ಸ್ಲೈಡ್ ಕೆಟ್ಟಿದ್ದರೂ ಸಹ. ತಪ್ಪನ್ನು ಗುರುತಿಸಿ, ಕಾರಣ ಹೇಳಿ, ಪರೀಕ್ಷಿಸುವ ದಾರಿ ತೋರಿಸಿದ್ದೀರಿ. ಆಸ್ಪತ್ರೆಯ ಲ್ಯಾಬಿನಲ್ಲಿ ಇದೇ ತಪ್ಪಿನ ಬೆಲೆ ಬೇರೆ. ಕಲ್ಚರ್ ವರದಿ ಬರುವ ಮೊದಲು ವೈದ್ಯರು ಔಷಧ ಆರಿಸಲು ಗ್ರಾಂ ವರದಿಯನ್ನೂ ನೋಡುತ್ತಾರೆ. ಉದಾಹರಣೆಗೆ, ವ್ಯಾಂಕೋಮೈಸಿನ್ ಗ್ರಾಂ ನೆಗೆಟಿವ್‌ನ ಹೊರಪೊರೆ ದಾಟಲಾರದು. ಬಣ್ಣ ತಪ್ಪಿ ಓದಿದರೆ ಔಷಧವೂ ತಪ್ಪುವ ಸಾಧ್ಯತೆ ಇದೆ.

ಪ್ರಶ್ನೆ 9: ಗ್ರಾಂ ವಿಧಾನ ಎಲ್ಲ ಬ್ಯಾಕ್ಟೀರಿಯಾಗಳಿಗೂ ಸಾಕೇ?

ಉತ್ತರ: ಸಾಲದು. ಮೈಕೋಪ್ಲಾಸ್ಮಾಗೆ ಗೋಡೆಯೇ ಇಲ್ಲ. ಕ್ಷಯದ ಬ್ಯಾಕ್ಟೀರಿಯಾದ ಗೋಡೆಯಲ್ಲಿ ಮೇಣದಂಥ ಮೈಕೋಲಿಕ್ ಆಮ್ಲ ಇರುವುದರಿಂದ ಗ್ರಾಂ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಜೀಲ್–ನೀಲ್ಸನ್ ವಿಧಾನ ಬೇಕು.

ಪ್ರಶ್ನೆ 10: ಕೆಲಸ ಮುಗಿದ ಪ್ಲೇಟುಗಳನ್ನು ಏನು ಮಾಡುತ್ತೀರಿ?

ಉತ್ತರ: ಮುಚ್ಚಳ ತೆರೆಯದೆ ಆಟೋಕ್ಲೇವ್ ಮಾಡಿದ ನಂತರವೇ ಎಸೆಯುತ್ತೇನೆ. ಬರಿಗೈಯಲ್ಲಿ ಕಾಲೊನಿ ಮುಟ್ಟುವುದಿಲ್ಲ, ಮೂಸುವುದಿಲ್ಲ. ಕೈಯನ್ನು ಸೋಪಿನಿಂದ ತೊಳೆದೇ ಪ್ರಯೋಗಾಲಯದಿಂದ ಹೊರಡುತ್ತೇನೆ.

ಪರೀಕ್ಷೆಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು, ಮೊಸರಿನ ಮೂರು ಸ್ಲೈಡ್ ಮಾಡಿ ನೋಡಿ: ಒಂದು ಸರಿಯಾಗಿ, ಒಂದು ಅಯೋಡಿನ್ ಬಿಟ್ಟು, ಒಂದು ಆಲ್ಕೋಹಾಲನ್ನು 1 ನಿಮಿಷ ಹಾಯಿಸಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳಿಗೆ ಕಂಠಪಾಠ ಬೇಕಾಗುವುದಿಲ್ಲ.