ತೊಗರಿಬೇಳೆ ಬೆಲ್ಲವಾದ ಬಗೆ

"ಸರ್, ನೀವು ಕಳಿಸಿದ ಸ್ಕ್ಯಾನರ್ ಒಂದೇ ವಾರಕ್ಕೆ ಕೆಟ್ಟಿದೆ. ತಪ್ಪು ತಪ್ಪು ಓದುತ್ತಿದೆ. ಬದಲಾಯಿಸಿಕೊಡಿ."

ದಿನಸಿ ಅಂಗಡಿಯವರೊಬ್ಬರು ಸಪ್ಲೈಯರ್‌ಗೆ ಇಂಥ ಇಮೇಲ್ ಹಾಕಿದ್ದಾರೆ ಎಂದುಕೊಳ್ಳಿ. ಸಿಟ್ಟಿಗೆ ಕಾರಣವಿದೆ: ಗಿರಾಕಿ ಅರ್ಧ ಕಿಲೋ ತೊಗರಿಬೇಳೆ ತಂದಿಟ್ಟರೆ ಬಿಲ್ಲಿನಲ್ಲಿ ಅಚ್ಚುಬೆಲ್ಲ ಬಂತು. ಆದರೆ ಆ ಮೇಲ್ ಓದಿದ ಸಪ್ಲೈಯರ್‌ಗೆ ಏನೂ ತಿಳಿಯುವುದಿಲ್ಲ. ಓದದೆ ಸುಮ್ಮನಿರುವುದು ಬೇರೆ, ತಪ್ಪು ಓದುವುದು ಬೇರೆ. ಗೀಚಿದ ಗಾಜು, ಸಡಿಲವಾದ ಕೇಬಲ್ ಸಾಮಾನ್ಯವಾಗಿ ಯಂತ್ರವನ್ನು ಮೂಕವಾಗಿಸುತ್ತವೆ, ಸುಳ್ಳು ಹೇಳಿಸುವುದು ಅಪರೂಪ.

"ಒಂದು ವಾರ" ಎಂಬ ಮಾತಿನಲ್ಲೇ ಸುಳಿವಿತ್ತು. ಮೊದಲ ವಾರ ಸ್ಕ್ಯಾನ್ ಆದದ್ದು ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್. ಅವುಗಳ ಮೇಲೆ ಕಂಪನಿಯೇ ಅಚ್ಚು ಹಾಕಿದ 13 ಅಂಕಿಗಳಿರುತ್ತವೆ. ನಮ್ಮಲ್ಲಿ ನೋಂದಾಯಿಸಿದ ಕಂಪನಿಯದಾದರೆ 890ರಿಂದ ಶುರು. ಕೊನೆಯ ಅಂಕಿ ಉಳಿದ ಹನ್ನೆರಡರ ಲೆಕ್ಕದಿಂದ ಬಂದದ್ದು, ಯಾವುದೇ ಒಂದು ಅಂಕಿ ತಪ್ಪಿದರೂ ಲೆಕ್ಕ ತಾಳೆಯಾಗದೆ ಸ್ಕ್ಯಾನರ್ ಬೀಪ್ ಅನ್ನುವುದಿಲ್ಲ. ಎರಡನೇ ವಾರ ಅಂಗಡಿಯವರು ಬೇಳೆಕಾಳು ಪೊಟ್ಟಣ ಕಟ್ಟಿ ತಮ್ಮದೇ ಲೇಬಲ್ ಅಂಟಿಸತೊಡಗಿದರು. ಲೇಬಲ್ ಸಾಫ್ಟ್‌ವೇರ್‌ನಲ್ಲಿ ಅವರು ಆರಿಸಿದ್ದು 'ಇಂಟರ್‌ಲೀವ್ಡ್ 2 ಆಫ್ 5' ಎಂಬ ಬಗೆ. ಪುಟ್ಟ ಲೇಬಲ್ಲಿನಲ್ಲಿ ಹಿಡಿಸುತ್ತದೆ, ಆದರೆ ತಾಳೆ ನೋಡುವ ಅಂಕಿ ಅದರಲ್ಲಿ ಕಡ್ಡಾಯವಲ್ಲ.

ಬೇಳೆಯ ಕೋಡ್ 104512. ಈ ಬಗೆಯಲ್ಲಿ ಅಂಕಿಗಳು ಜೋಡಿಜೋಡಿಯಾಗಿ ಹೆಣೆದುಕೊಂಡಿರುತ್ತವೆ: ಮೊದಲನೆಯದು ಕಪ್ಪು ಗೆರೆಗಳಲ್ಲಿ, ಎರಡನೆಯದು ನಡುವಿನ ಬಿಳಿ ಸಂದುಗಳಲ್ಲಿ. '12' ಜೋಡಿ ಶುರುವಾಗುವುದು ದಪ್ಪ ಗೆರೆ, ಕಿರು ಸಂದು, ಕಿರು ಗೆರೆಯಿಂದ. ವಿಚಿತ್ರವೆಂದರೆ, 'ಕೋಡ್ ಇಲ್ಲಿಗೆ ಮುಗಿಯಿತು' ಎಂಬ ಗುರುತೂ ಅದೇ ಮೂರು! ಕೆಂಪು ಬೆಳಕು ಓರೆಯಾಗಿ ಬಿದ್ದು, ಸರಿಯಾಗಿ ಅಲ್ಲಿಂದಾಚೆ ಲೇಬಲ್ಲಿನ ಮೇಲಂಚಿನ ಬಿಳಿಗೆ ಜಾರಿದರೆ ಯಂತ್ರ 1045 ಎಂದು ಓದಿ ಕೈತೊಳೆದುಕೊಳ್ಳುತ್ತದೆ. ಅಂಗಡಿಯ ಪಟ್ಟಿಯಲ್ಲಿ 1045 ಎಂದರೆ ಬೆಲ್ಲ, ಕೈಯಲ್ಲೇ ಒತ್ತುತ್ತಿದ್ದ ಹಳೆಯ ನಾಲ್ಕಂಕಿಯ ಕೋಡ್.

ಇದನ್ನು ಪತ್ತೆಮಾಡಲು ಬಿಲ್ಲಿಂಗ್ ಪರದೆ ಬೇಡ. ಸ್ಕ್ಯಾನರ್ ಕಂಪ್ಯೂಟರಿನ ಮಟ್ಟಿಗೆ ಒಂದು ಕೀಬೋರ್ಡ್ ಇದ್ದಂತೆ, ನೋಟ್‌ಪ್ಯಾಡ್ ತೆರೆದು ಸ್ಕ್ಯಾನ್ ಮಾಡಿದರೆ ಓದಿದ ಅಂಕಿ ಅಲ್ಲೇ ಮೂಡುತ್ತದೆ. ಹಾಗೆ ನೋಡಿದ ಮೇಲೆ ಬರೆದ ಎರಡನೇ ಮೇಲ್ ಹೀಗಿರಬಹುದು:

"ಸರ್, ಸೋಪಿನ ಕೋಡ್ 20 ಸಲ ಹಿಡಿದೆ, 20 ಸಲವೂ ಸರಿ. ನಮ್ಮ ಬೇಳೆ ಲೇಬಲ್ ನೇರ ಹಿಡಿದಾಗ 20ಕ್ಕೆ 20 ಸರಿ. ಓರೆ ಹಿಡಿದಾಗ 3 ಸಲ 104512 ಬದಲು 1045 ಬಂತು. ಲೇಬಲ್ ಫೋಟೋ, ಮಾಡೆಲ್ ನಂಬರ್, ಬಿಲ್ ಪ್ರತಿ ಲಗತ್ತಿಸಿದ್ದೇನೆ. ಉದ್ದ ಆರಂಕಿಗೇ ಕಟ್ಟಿಹಾಕುವ ಸೆಟ್ಟಿಂಗ್ ಇದೆಯೇ?"

ಇದಕ್ಕೆ ಉತ್ತರ ಸುಲಭ. ಇಂಥ ಸ್ಕ್ಯಾನರ್‌ಗಳ ಸೆಟ್ಟಿಂಗ್ ಸಾಮಾನ್ಯವಾಗಿ ಕೈಪಿಡಿಯಲ್ಲೇ ಬಾರ್‌ಕೋಡ್ ರೂಪದಲ್ಲಿರುತ್ತದೆ. ಸಪ್ಲೈಯರ್ ಪುಟಸಂಖ್ಯೆ ತಿಳಿಸಿದರೆ ಅದನ್ನೇ ಸ್ಕ್ಯಾನ್ ಮಾಡಿ ಉದ್ದ ನಿಗದಿ ಮಾಡಬಹುದು. ಆಮೇಲೆ ಓರೆ ಹಿಡಿದರೆ ಬೀಪ್ ಬರುವುದಿಲ್ಲ, ನೆಟ್ಟಗೆ ಹಿಡಿಯಬೇಕು ಅಷ್ಟೆ. ಮುಂದೆ ಎಂಟಂಕಿಯ ಲೇಬಲ್ ಮಾಡುವುದಾದರೆ ಮಾತ್ರ ಆ ಪುಟ ಮತ್ತೆ ತೆರೆಯಬೇಕಾಗುತ್ತದೆ. ಅಥವಾ ಲೇಬಲ್ಲುಗಳನ್ನು 'ಕೋಡ್ 128'ಕ್ಕೆ ಬದಲಾಯಿಸಬೇಕು, ಅದರಲ್ಲಿ ತಾಳೆಯ ಗುರುತು ಕಡ್ಡಾಯ.